ಕಮ್ಯುಟೇಷನ್ ಆದ ಮೇಲೆ ಡಿಆರ್ ಯಾವ ಮೊತ್ತದ ಮೇಲೆ?

ಪ್ರಶ್ನೆ: ನಾನು ಕೇಂದ್ರ ಸರ್ಕಾರದ ಕಚೇರಿಯೊಂದರಿಂದ 2025ರ ಮೇ 31ರಂದು ನಿವೃತ್ತನಾದೆ. ಹುಟ್ಟಿದ ದಿನ 12-5-1965. ಹಳೆ ಪಿಂಚಣಿ ವ್ಯವಸ್ಥೆಯವನು. ಕೊನೆಯ ಮೂಲ ವೇತನ 64,100 ರೂಪಾಯಿ, 11 ತಿಂಗಳಿಂದ ಅಷ್ಟೇ ಇತ್ತು. ಪಿಂಚಣಿಯ ಶೇ. 40ನ್ನು ಮಾರಿ ಇಡಿಗಂಟು ಪಡೆಯುವ ಕಮ್ಯುಟೇಷನ್‌ಗೆ ನಿವೃತ್ತಿಗೆ ಮೊದಲೇ ಬರೆದುಕೊಟ್ಟಿದ್ದೆ. ಅದರ ದುಡ್ಡು 12,60,565 ರೂಪಾಯಿ ಜುಲೈ 18ಕ್ಕೆ ಖಾತೆಗೆ ಬಂತು. ಜೂನ್ ಮತ್ತು ಜುಲೈ ಪಿಂಚಣಿ ತಲಾ 29,807, ಆಗಸ್ಟ್, ಸೆಪ್ಟೆಂಬರ್‌ಗೂ ಅಷ್ಟೇ. ಅಕ್ಟೋಬರ್‌ನಿಂದ 30,384 ಬರುತ್ತಿದೆ, ಜೊತೆಗೆ ಡಿಆರ್ ಬಾಕಿ ಎಂದು 1,731 ಬಂತು. ನನ್ನ ಜೊತೆಯವರಿಗೆ ಇದಕ್ಕಿಂತ ಹೆಚ್ಚು ಬರುತ್ತಿದೆ. ಬ್ಯಾಂಕಿನಲ್ಲಿ ಕೇಳಿದರೆ "ಪಿಪಿಒದಲ್ಲಿ ಇರುವಂತೆಯೇ ಕೊಡುತ್ತಿದ್ದೇವೆ" ಅನ್ನುತ್ತಾರೆ. ಯಾವುದು ಸರಿ, ಎಲ್ಲಿಂದ ಲೆಕ್ಕ ನೋಡಬೇಕು?

ಉತ್ತರ: ನಿಮಗೆ ಕಡಿಮೆ ಬರುತ್ತಿದೆ. ನಿಮ್ಮ ಪಿಂಚಣಿಯಾಗಲಿ, ಇಡಿಗಂಟಾಗಿ ಬಂದ ಹಣವಾಗಲಿ ತಪ್ಪಿಲ್ಲ. ತಪ್ಪಿರುವುದು ಎರಡು ಕಡೆ. ಬೆಲೆಯೇರಿಕೆಗೆ ಪಿಂಚಣಿದಾರರಿಗೆ ಕೊಡುವ ಪರಿಹಾರವಾದ ಡಿಆರ್ ಅನ್ನು ಕಡಿತವಾದ ಪಿಂಚಣಿಯ ಮೇಲೆ ಕಟ್ಟಿದ್ದಾರೆ, ಅದನ್ನು ಕಟ್ಟಬೇಕಾದದ್ದು ಪೂರ್ತಿ ಪಿಂಚಣಿಯ ಮೇಲೆ. ಇನ್ನೊಂದು, ಕಮ್ಯುಟೇಷನ್ ಹಣ ಕೈಗೆ ಬರುವ ಮುಂಚೆಯೇ, ಜೂನ್ 1ರಿಂದಲೇ ಪಿಂಚಣಿಯನ್ನು ಕಡಿತ ಮಾಡಿದ್ದಾರೆ. ಎರಡೂ ಸೇರಿ ನವೆಂಬರ್ ಪಿಂಚಣಿಯವರೆಗೆ ನಿಮಗೆ ಬರಬೇಕಾದ ಬಾಕಿ 64,076 ರೂಪಾಯಿ. ಇದರಲ್ಲಿ ಒಂದು ಭಾಗವನ್ನು ಬ್ಯಾಂಕೇ ಸರಿಪಡಿಸಬೇಕು, ಇನ್ನೊಂದಕ್ಕೆ ನಿಮ್ಮ ಇಲಾಖೆಯ ಲೆಕ್ಕಪತ್ರ ಕಚೇರಿಯ ಆದೇಶ ಬೇಕಾಗಬಹುದು. ಹಾಗಾಗಿ ಎರಡನ್ನೂ ಕಲೆಸದೆ ಬೇರೆ ಬೇರೆಯಾಗಿ ನೋಡೋಣ.

ಮೊದಲು ಮೂಲ ಪಿಂಚಣಿ. ಕೊನೆಯ ತಿಂಗಳ ವೇತನ ಅಥವಾ ಕೊನೆಯ 10 ತಿಂಗಳ ಸರಾಸರಿ ವೇತನ, ಇವೆರಡರಲ್ಲಿ ಯಾವುದು ನಿಮಗೆ ಲಾಭವೋ ಅದರ ಅರ್ಧವೇ ಪಿಂಚಣಿ. ವೇತನ ಎಂದರೆ ಇಲ್ಲಿ ಮೂಲ ವೇತನ ಮಾತ್ರ (ವೈದ್ಯರಾದರೆ ಖಾಸಗಿ ವೃತ್ತಿ ಮಾಡದಿರುವುದಕ್ಕೆ ಸಿಗುವ ಎನ್‌ಪಿಎ ಭತ್ಯೆ ಕೂಡ ಸೇರುತ್ತದೆ); ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ ಸೇರುವುದಿಲ್ಲ. ನಿಮಗೆ 11 ತಿಂಗಳಿಂದ ಒಂದೇ ವೇತನ ಇದ್ದುದರಿಂದ ಎರಡು ದಾರಿಯಲ್ಲೂ 64,100ಕ್ಕೇ ಬರುತ್ತದೆ. ಅದರ ಅರ್ಧ 32,050. ಹಿಂದೆ ಪೂರ್ಣ ಪಿಂಚಣಿಗೆ 33 ವರ್ಷದ ಸೇವೆ ಬೇಕಿತ್ತು, ಕಡಿಮೆಯಿದ್ದರೆ ಅದೇ ಪ್ರಮಾಣದಲ್ಲಿ ಪಿಂಚಣಿ ಇಳಿಯುತ್ತಿತ್ತು. ಕೇಂದ್ರ ನೌಕರರಿಗೆ ಈಗ ಆ ಲೆಕ್ಕವಿಲ್ಲ. ಅರ್ಹ ಸೇವೆ 10 ವರ್ಷ ದಾಟಿದ್ದರೆ ಸಾಕು, ಅರ್ಧ ವೇತನ ಸಿಗುತ್ತದೆ. ಇನ್ನೂ 33ರಿಂದ ಭಾಗಿಸುವ ಹಳೆ ಹಾಳೆಗಳು ಕೈಯಿಂದ ಕೈಗೆ ಓಡಾಡುತ್ತಿರುತ್ತವೆ, ಅವನ್ನು ನೆಚ್ಚಬೇಡಿ.

ಈ ಹಂತದಲ್ಲಿ ತಪ್ಪಾಗುವುದು ಗುಣಾಕಾರದಲ್ಲಿ ಅಲ್ಲ, 64,100 ಎಂಬ ಅಂಕಿಯಲ್ಲಿ. ಕೊನೆಯ ವೇತನ ಬಡ್ತಿ ಸೇವಾ ಪುಸ್ತಕಕ್ಕೆ ಏರದೆ ಉಳಿದಿರಬಹುದು, ಅಥವಾ ನಿವೃತ್ತಿಯ ಹೊಸ್ತಿಲಲ್ಲಿ ಯಾರೋ ಹಳೆ ವೇತನ ನಿಗದಿಯನ್ನು ಕೆದಕಿ ಮೂಲ ವೇತನವನ್ನೇ ಒಂದು ಮೆಟ್ಟಿಲು ಇಳಿಸಿರಬಹುದು. ಪಿಂಚಣಿ ಕಾಗದ ತಯಾರಿಸುವಾಗ ಕಚೇರಿ ವೇತನ ಸರಿಯಿದೆಯೇ ಎಂದು ಪರಿಶೀಲಿಸಬೇಕಾದದ್ದು ನಿವೃತ್ತಿಗೆ ಹಿಂದಿನ 24 ತಿಂಗಳ ಅವಧಿಗೆ, ಅದಕ್ಕೂ ಹಿಂದಕ್ಕೆ ಹೋಗುವಂತಿಲ್ಲ. ನಿಮ್ಮ ವಿಷಯದಲ್ಲಿ ಈ ತಕರಾರು ಇಲ್ಲ. ಆದರೂ ಮೇ ತಿಂಗಳ ವೇತನ ಚೀಟಿಯನ್ನೂ, ಪಿಂಚಣಿ ಪಾವತಿ ಆದೇಶವಾದ ಪಿಪಿಒ ಜೊತೆ ಬಂದ ಲೆಕ್ಕದ ಹಾಳೆಯನ್ನೂ ಪಕ್ಕಪಕ್ಕ ಇಟ್ಟು ಆ ಒಂದು ಅಂಕಿ ಎರಡರಲ್ಲೂ ಒಂದೇ ಇದೆಯೇ ನೋಡಿಕೊಳ್ಳಿ.

ಜೂನ್ 30ಕ್ಕೋ ಡಿಸೆಂಬರ್ 31ಕ್ಕೋ ನಿವೃತ್ತರಾಗಿ ಮರುದಿನದ ಬಡ್ತಿಯನ್ನು ಒಂದೇ ದಿನದಲ್ಲಿ ಕಳೆದುಕೊಂಡವರು ಇದನ್ನು ಓದುತ್ತಿದ್ದರೆ ಅವರಿಗೊಂದು ಮಾತು. ಕೆಪಿಟಿಸಿಎಲ್ ನೌಕರರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2023ರ ಏಪ್ರಿಲ್ 11ರಂದು ಆ ಬಡ್ತಿ ಅವರಿಗೆ ಸಲ್ಲಬೇಕು ಎಂದು ತೀರ್ಪು ಕೊಟ್ಟಿತು. ಆಮೇಲೆ 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಅಂಥವರಿಗೆ ಕಾಲ್ಪನಿಕ ಬಡ್ತಿ ಕೊಟ್ಟು ಪಿಂಚಣಿ ಲೆಕ್ಕ ಹಾಕಲು ಆದೇಶ ಹೊರಡಿಸಿತು. ಅದು ಮಾಸಿಕ ಪಿಂಚಣಿಯ ಲೆಕ್ಕಕ್ಕೆ ಮಾತ್ರ, ನಿವೃತ್ತಿಯ ಇತರ ಸೌಲಭ್ಯಗಳಿಗೆ ಅನ್ವಯಿಸುವುದಿಲ್ಲ. ಮೇ 31ಕ್ಕೆ ನಿವೃತ್ತರಾದ ನಿಮಗೆ ಇದು ಬರುವುದಿಲ್ಲ.

ಇನ್ನು ಕಮ್ಯುಟೇಷನ್. ಪಿಂಚಣಿಯ ಶೇ. 40ರವರೆಗೆ ಮಾರಿ ಇಡಿಗಂಟು ಪಡೆಯಬಹುದು. 32,050ರ ಶೇ. 40 ಎಂದರೆ 12,820. ಇಲ್ಲಿ ಪೈಸೆ ಬಂದರೆ ಅದನ್ನು ಬಿಟ್ಟುಬಿಡುತ್ತಾರೆ, ಮೇಲಕ್ಕೆ ಏರಿಸುವುದಿಲ್ಲ. ಈ 12,820ನ್ನು 12ರಿಂದ ಗುಣಿಸಿ, ಬಂದದ್ದನ್ನು ವಯಸ್ಸಿನ ಕೋಷ್ಟಕದ ಅಂಕಿಯಿಂದ ಮತ್ತೆ ಗುಣಿಸಬೇಕು. ಕೋಷ್ಟಕದಲ್ಲಿ ನೋಡಬೇಕಾದದ್ದು ಈಗಿನ ವಯಸ್ಸನ್ನಲ್ಲ, ಮುಂದಿನ ಹುಟ್ಟುಹಬ್ಬಕ್ಕೆ ಎಷ್ಟು ತುಂಬುತ್ತದೆ ಎಂಬುದನ್ನು. ನಿವೃತ್ತಿಗೆ ಮೊದಲೇ ಅರ್ಜಿ ಕೊಟ್ಟಿದ್ದರೆ ಕಮ್ಯುಟೇಷನ್ ಊರ್ಜಿತವಾಗುವುದು ನಿವೃತ್ತಿಯ ಮರುದಿನ, ಅಂದರೆ ನಿಮಗೆ 2025ರ ಜೂನ್ 1. ಆ ದಿನ ನಿಮಗೆ 60 ತುಂಬಿದೆ, ಮುಂದಿನ ಮೇ 12ಕ್ಕೆ 61. ಕೋಷ್ಟಕದಲ್ಲಿ 61ರ ಎದುರಿಗಿರುವುದು 8.194.

12,820ನ್ನು 12ರಿಂದ ಗುಣಿಸಿದರೆ 1,53,840. ಅದನ್ನು 8.194ರಿಂದ ಗುಣಿಸಿದರೆ 12,60,564 ರೂಪಾಯಿ 96 ಪೈಸೆ. ಇಡಿಗಂಟಿನ ಲೆಕ್ಕದಲ್ಲಿ ಪೈಸೆಯನ್ನು ಮೇಲಿನ ರೂಪಾಯಿಗೆ ಏರಿಸುತ್ತಾರೆ, ಹಾಗಾಗಿ 12,60,565. ನಿಮಗೆ ಬಂದದ್ದೂ ಒಂದು ರೂಪಾಯಿ ಹೆಚ್ಚುಕಡಿಮೆ ಇಲ್ಲದೆ ಅಷ್ಟೇ. ಸರ್ಕಾರಿ ನೌಕರರಿಗೆ ಈ ಹಣದ ಮೇಲೆ ಆದಾಯ ತೆರಿಗೆ ಇಲ್ಲ. ಅದರಿಂದ ಟಿಡಿಎಸ್ ಮುರಿದಿದ್ದರೆ ಅದು ತಪ್ಪು. ತಿಂಗಳ ಪಿಂಚಣಿ ಮತ್ತು ಡಿಆರ್‌ಗೆ ಮಾತ್ರ ಸಂಬಳದಂತೆಯೇ ತೆರಿಗೆ ಅನ್ವಯಿಸುತ್ತದೆ.

ನೀವು ನಿವೃತ್ತಿಗೆ ಮೊದಲೇ ಅರ್ಜಿ ಕೊಟ್ಟದ್ದು ಒಳ್ಳೆಯದಾಯಿತು. ನಿವೃತ್ತಿಯ ನಂತರ ಒಂದು ವರ್ಷದೊಳಗೆ ಕೊಟ್ಟರೂ ವೈದ್ಯಕೀಯ ಪರೀಕ್ಷೆ ಇಲ್ಲ. ಆದರೆ ಆಗ ಲೆಕ್ಕಕ್ಕೆ ಬರುವುದು ಅರ್ಜಿ ಕಚೇರಿ ಮುಖ್ಯಸ್ಥರ ಕೈ ಸೇರಿದ ದಿನ. ಅದೇ ಅರ್ಜಿ 2026ರ ಮೇ 20ಕ್ಕೆ ಕಚೇರಿಗೆ ಸೇರಿದ್ದರೆ ಅಷ್ಟರಲ್ಲಿ ನಿಮಗೆ 61 ತುಂಬಿರುತ್ತಿತ್ತು, ಕೋಷ್ಟಕದಲ್ಲಿ 62ರ ಸಾಲು ನೋಡಬೇಕಿತ್ತು, ಅಲ್ಲಿರುವುದು 8.093. ವರ್ಷ ದಾಟಿದರೆ ವೈದ್ಯಕೀಯ ಪರೀಕ್ಷೆ ಬೇಕು, ವೈದ್ಯಾಧಿಕಾರಿ ವರದಿಗೆ ಸಹಿ ಹಾಕಿದ ದಿನದ ವಯಸ್ಸು ಲೆಕ್ಕಕ್ಕೆ ಬರುತ್ತದೆ. "ಎಲ್ಲರಿಗೂ 8.194, ನನಗೆ ಮಾತ್ರ ಯಾಕೆ ಕಡಿಮೆ" ಎಂದು ಕೇಳುವವರಲ್ಲಿ ಹಲವರ ಉತ್ತರ ಈ ದಿನಾಂಕದಲ್ಲೇ ಇರುತ್ತದೆ.

12,820 ಹೋದ ಮೇಲೆ ಉಳಿಯುವುದು 19,230. ಇದೇ ಕಡಿತವಾದ ಪಿಂಚಣಿ.

ಈಗ ಅಸಲು ವಿಷಯಕ್ಕೆ ಬರೋಣ. ಡಿಆರ್ ಕಟ್ಟಬೇಕಾದದ್ದು ಈ 19,230ರ ಮೇಲಲ್ಲ, 32,050ರ ಮೇಲೆ. ನೀವು ಪಿಂಚಣಿಯ ಒಂದು ಭಾಗವನ್ನು ಮುಂಗಡವಾಗಿ ತೆಗೆದುಕೊಂಡಿದ್ದೀರಿ ಅಷ್ಟೇ, ಆದ್ದರಿಂದ ನಿಮ್ಮ ಪಿಂಚಣಿ ಚಿಕ್ಕದಾಗಿಲ್ಲ. ಬೆಲೆಯೇರಿಕೆಯ ಪರಿಹಾರ ಸಿಗುವುದು ಮೂಲ ಪಿಂಚಣಿಗೆ. ಕಮ್ಯುಟೇಷನ್ ಕಡಿತ ಒಂದೇ ಕಡೆ ಆಗಬೇಕು, ಪಿಂಚಣಿಯಿಂದ 12,820 ಕಳೆಯುವಲ್ಲಿ. ಡಿಆರ್ ಸಾಲಿನಲ್ಲಿ ಅದರ ಸೋಂಕೂ ಇರಬಾರದು.

2025ರ ಜನವರಿ 1ರಿಂದ ಡಿಆರ್ ಶೇ. 55 ಇತ್ತು, ಜುಲೈ 1ರಿಂದ ಶೇ. 58 ಆಯಿತು. 32,050ರ ಶೇ. 55 ಎಂದರೆ 17,627 ರೂಪಾಯಿ 50 ಪೈಸೆ. ಡಿಆರ್‌ನಲ್ಲಿ ಪೈಸೆ ಎಷ್ಟೇ ಇರಲಿ ಮೇಲಿನ ರೂಪಾಯಿಗೆ ಏರಿಸಬೇಕು, ಹಾಗಾಗಿ ಜೂನ್‌ಗೆ 17,628. ಶೇ. 58ರಂತೆ ಜುಲೈಯಿಂದ 18,589. ಹೀಗಾಗಿ ನವೆಂಬರ್‌ನಲ್ಲಿ ನಿಮ್ಮ ಖಾತೆಗೆ ಬರಬೇಕಿದ್ದದ್ದು 19,230 ಮತ್ತು 18,589 ಸೇರಿ 37,819. ಬಂದದ್ದು 30,384. ಅದರಿಂದ 19,230 ಕಳೆದು ನೋಡಿ, 11,154 ಉಳಿಯುತ್ತದೆ. 19,230ರ ಶೇ. 58 ಕೂಡ 11,153 ರೂಪಾಯಿ 40 ಪೈಸೆ, ಮೇಲಕ್ಕೆ ಏರಿಸಿದರೆ 11,154. ಡಿಆರ್‌ನ ಬುಡ ಎಲ್ಲಿ ಕೂತಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಗುರುತು ಬೇಕಿಲ್ಲ.

ನೀವು ಬರೆದಿರುವ 1,731 ರೂಪಾಯಿಯ ಬಾಕಿಯೂ ಇದನ್ನೇ ಹೇಳುತ್ತದೆ. ಅದು ಜುಲೈ, ಆಗಸ್ಟ್, ಸೆಪ್ಟೆಂಬರ್ ಮೂರು ತಿಂಗಳ ಶೇ. 3ರ ವ್ಯತ್ಯಾಸ. ಮೂರರಿಂದ ಭಾಗಿಸಿದರೆ ತಿಂಗಳಿಗೆ 577, ಅಂದರೆ 19,230ರ ಶೇ. 3. ನಿಮಗೆ ಬರಬೇಕಿದ್ದದ್ದು ತಿಂಗಳಿಗೆ 961ರಂತೆ 2,883. ಪಿಂಚಣಿ ಚೀಟಿ ಕೈಗೆ ಸಿಗದವರಿಗೂ ಈ ಪರೀಕ್ಷೆ ಸುಲಭ: ಡಿಆರ್ ಬಾಕಿ ಬಂದಾಗ ಅದನ್ನು ತಿಂಗಳ ಸಂಖ್ಯೆಯಿಂದ ಭಾಗಿಸಿ, ಬಂದದ್ದನ್ನು 100ರಿಂದ ಗುಣಿಸಿ, ಏರಿಕೆಯ ಶೇಕಡಾ ಅಂಕಿಯಿಂದ ಭಾಗಿಸಿ. ಉತ್ತರ ಪೂರ್ತಿ ಪಿಂಚಣಿಯ ಹತ್ತಿರ ಬಂದರೆ ಸರಿ, ಕಡಿತವಾದ ಪಿಂಚಣಿಯ ಹತ್ತಿರ ಬಂದರೆ ತಪ್ಪು.

ಈ ತಪ್ಪು ಹುಟ್ಟುವುದು ಎಲ್ಲಿ? ಪಿಪಿಒದಲ್ಲಿರುವ ಅಂಕಿಗಳನ್ನು ಪಿಂಚಣಿ ಸಂಸ್ಕರಣಾ ಕೇಂದ್ರದ (ಸಿಪಿಪಿಸಿ) ಕಂಪ್ಯೂಟರಿಗೆ ಏರಿಸುವಾಗ ಮೂಲ ಪಿಂಚಣಿ, ಕಮ್ಯೂಟ್ ಆದ ಭಾಗ, ಉಳಿದ ಪಿಂಚಣಿ ಎಂದು ಬೇರೆ ಬೇರೆ ಕಡೆ ತುಂಬಬೇಕು. ಮೂಲ ಪಿಂಚಣಿಯ ಜಾಗದಲ್ಲಿ 19,230 ಕೂತುಬಿಟ್ಟರೆ ಡಿಆರ್ ತಾನಾಗಿಯೇ ಅದರ ಮೇಲೆ ಹುಟ್ಟುತ್ತಾ ಹೋಗುತ್ತದೆ. ಜೊತೆಗೆ ಒಂದು ಕಾಕತಾಳೀಯ ಈ ಗೊಂದಲಕ್ಕೆ ಅವಕಾಶ ಕೊಡುತ್ತದೆ. ನಿಮ್ಮ ಪಿಪಿಒ ತೆರೆದು ಕುಟುಂಬ ಪಿಂಚಣಿಯ ಸಾಲು ನೋಡಿ, ಸಾಮಾನ್ಯ ದರದ ಎದುರಿಗೂ 19,230 ಎಂದೇ ಇರಬೇಕು. ಅದು ವೇತನದ ಶೇ. 30. ಅರ್ಧ ವೇತನದಲ್ಲಿ ಶೇ. 40 ಕಳೆದು ಉಳಿಯುವ ಶೇ. 60 ಕೂಡ ವೇತನದ ಶೇ. 30ಕ್ಕೇ ಬಂದು ನಿಲ್ಲುತ್ತದೆ. ಪೂರ್ತಿ ಶೇ. 40 ಕಮ್ಯೂಟ್ ಮಾಡಿದ ಹೆಚ್ಚಿನವರ ಪಿಪಿಒದಲ್ಲಿ ಹೀಗೆ ಎರಡು ಬೇರೆ ವಿಷಯಗಳಿಗೆ ಒಂದೇ ಅಂಕಿ ಇರುತ್ತದೆ. ಕುಟುಂಬ ಪಿಂಚಣಿಯಾದರೆ 19,230ರ ಮೇಲೆ ಡಿಆರ್ ಕಟ್ಟುವುದು ಸರಿ. ಜೀವಂತ ಪಿಂಚಣಿದಾರರ ಕಡಿತವಾದ ಪಿಂಚಣಿಯಾದರೆ ತಪ್ಪು. ಅಂಕಿ ಒಂದೇ ಆದ್ದರಿಂದ ಮೇಲುನೋಟಕ್ಕೆ ಯಾರಿಗೂ ಅನುಮಾನ ಬರುವುದಿಲ್ಲ. ಬ್ಯಾಂಕಿನವರು "ಪಿಪಿಒದಲ್ಲಿ ಇರುವಂತೆಯೇ" ಎಂದು ನಂಬಿಕೆಯಿಂದಲೇ ಹೇಳಿರಬಹುದು.

(ಅದೇ ಸಾಲಿನ ಮೇಲೆ ಇನ್ನೊಂದು ಅಂಕಿ ಇರುತ್ತದೆ, 32,050. ಅದು ಹೆಚ್ಚಿದ ದರದ ಕುಟುಂಬ ಪಿಂಚಣಿ. ಪಿಂಚಣಿದಾರರು ತೀರಿಕೊಂಡರೆ 7 ವರ್ಷ, ಅಥವಾ ಅವರಿಗೆ 67 ತುಂಬಬೇಕಿದ್ದ ದಿನದವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ಸಲ್ಲುತ್ತದೆ. ಕುಟುಂಬ ಪಿಂಚಣಿಯಿಂದ ಕಮ್ಯುಟೇಷನ್ ಹಣವನ್ನು ಮುರಿಯುವಂತಿಲ್ಲ. ಮನೆಯವರಿಗೆ ಇದನ್ನು ಈಗಲೇ ಹೇಳಿಟ್ಟಿರಿ.)

ಎರಡನೆಯ ತಪ್ಪು ದಿನಾಂಕದ್ದು. ನಿವೃತ್ತಿಗೆ ಮೊದಲೇ ಕಮ್ಯುಟೇಷನ್ ಕೇಳಿದವರಿಗೆ ಪಿಪಿಒದಲ್ಲಿ ಮೊದಲ ತಿಂಗಳಿಂದಲೇ ಕಡಿತವಾದ ಪಿಂಚಣಿ ನಮೂದಾಗಿರುತ್ತದೆ. ಇಡಿಗಂಟು ಮೊದಲ ತಿಂಗಳೊಳಗೆ ಕೈಸೇರುತ್ತದೆ ಎಂಬ ಎಣಿಕೆ ಅದು. ಕೈಸೇರದಿದ್ದರೆ, ನಿವೃತ್ತಿಯ ಮರುದಿನದಿಂದ ಹಣ ಜಮೆಯಾದ ಹಿಂದಿನ ದಿನದವರೆಗಿನ ಪಿಂಚಣಿ ವ್ಯತ್ಯಾಸವನ್ನು ಲೆಕ್ಕಪತ್ರ ಅಧಿಕಾರಿ ಮಂಜೂರು ಮಾಡಬೇಕು ಎಂದು 1981ರ ಕಮ್ಯುಟೇಷನ್ ನಿಯಮಗಳೇ ಹೇಳುತ್ತವೆ. ಹಣ ಸರ್ಕಾರದ ಬಳಿಯೇ ಇದ್ದಾಗ ಅದರ ಕಂತನ್ನು ನಿಮ್ಮಿಂದ ಮುರಿದುಕೊಳ್ಳುವುದು ನ್ಯಾಯವಲ್ಲವಲ್ಲ. ನಿಮ್ಮ ಹಣ ಬಂದದ್ದು ಜುಲೈ 18ಕ್ಕೆ. ಆದ್ದರಿಂದ ಜೂನ್ ತಿಂಗಳ ಪೂರ್ತಿ 12,820, ಜುಲೈನ ಮೊದಲ 17 ದಿನಕ್ಕೆ 12,820ರ 31ರಲ್ಲಿ 17 ಪಾಲು, ಅಂದರೆ 7,030. ಒಟ್ಟು 19,850 ರೂಪಾಯಿ. ಇದರಲ್ಲಿ ಡಿಆರ್ ಪ್ರಶ್ನೆ ಬರುವುದಿಲ್ಲ, ಯಾಕೆಂದರೆ ಡಿಆರ್ ಕಡಿತಕ್ಕೆ ಮೊದಲೂ ಆಮೇಲೂ 32,050ರ ಮೇಲೆಯೇ.

ಈಗ ಎರಡನ್ನೂ ಸೇರಿಸಿ ಬರಬೇಕಾದದ್ದು, ಬಂದದ್ದು ಎಂದು ಪಟ್ಟಿ ಮಾಡಿ. ಬ್ಯಾಂಕಿಗೂ ಕಚೇರಿಗೂ ಮಾತಿಗಿಂತ ಈ ಪಟ್ಟಿ ಬೇಗ ಅರ್ಥವಾಗುತ್ತದೆ. ಅಕ್ಟೋಬರ್‌ನಲ್ಲಿ ಬಂದ 1,731ನ್ನು ಅದು ಯಾವ ತಿಂಗಳಿಗೆ ಸೇರಿದ್ದೋ ಆ ತಿಂಗಳಿಗೆ 577ರಂತೆ ಹಂಚಿದ್ದೇನೆ.

| ತಿಂಗಳು (2025) | ಬರಬೇಕಾದ ಪಿಂಚಣಿ | ಬರಬೇಕಾದ ಡಿಆರ್ | ಒಟ್ಟು | ಬಂದದ್ದು | ಕಡಿಮೆ |
|---|---|---|---|---|---|
| ಜೂನ್ | 32,050 | 17,628 | 49,678 | 29,807 | 19,871 |
| ಜುಲೈ | 26,260 | 18,589 | 44,849 | 30,384 | 14,465 |
| ಆಗಸ್ಟ್ | 19,230 | 18,589 | 37,819 | 30,384 | 7,435 |
| ಸೆಪ್ಟೆಂಬರ್ | 19,230 | 18,589 | 37,819 | 30,384 | 7,435 |
| ಅಕ್ಟೋಬರ್ | 19,230 | 18,589 | 37,819 | 30,384 | 7,435 |
| ನವೆಂಬರ್ | 19,230 | 18,589 | 37,819 | 30,384 | 7,435 |
| ಒಟ್ಟು | | | | | 64,076 |

64,076ರಲ್ಲಿ 19,850 ಕಮ್ಯುಟೇಷನ್ ದಿನಾಂಕದ್ದು. ಉಳಿದ 44,226 ಡಿಆರ್‌ನದು: ಜೂನ್‌ಗೆ 7,051, ಆಮೇಲೆ ಐದು ತಿಂಗಳಿಗೆ ತಲಾ 7,435. ವೈದ್ಯಕೀಯ ಭತ್ಯೆ ಎಂದು ತಿಂಗಳಿಗೆ 1,000 ರೂಪಾಯಿ ಮಂಜೂರಾಗಿದ್ದರೆ ಅದು ಇದರ ಮೇಲೆ ಬೇರೆಯಾಗಿ ಬರಬೇಕು. ನಿಮ್ಮ ಜಮೆಯಲ್ಲಿ ಅದರ ಕುರುಹಿಲ್ಲ. ಕೇಂದ್ರ ಸರ್ಕಾರದ ಆರೋಗ್ಯ ಯೋಜನೆಯಾದ ಸಿಜಿಎಚ್‌ಎಸ್‌ನ ಹೊರರೋಗಿ ಸೌಲಭ್ಯ ಬೇಡವೆಂದು ನೀವು ಬರೆದುಕೊಟ್ಟಿದ್ದರೆ ಪಿಪಿಒದಲ್ಲಿ ಆ ಸಾಲು ಇದೆಯೇ ನೋಡಿ.

ಡಿಆರ್ ಬಾಕಿಗೆ ಮೊದಲು ಹೋಗಬೇಕಾದದ್ದು ಬ್ಯಾಂಕಿಗೆ. ಶಾಖೆಯಲ್ಲಿ ಬಾಯಿಮಾತಿನಲ್ಲಿ ಕೇಳಿದರೆ ಸಾಲದು, ಯಾಕೆಂದರೆ ಅಂಕಿ ತಿದ್ದುವ ಅಧಿಕಾರ ಇರುವುದು ಸಂಸ್ಕರಣಾ ಕೇಂದ್ರಕ್ಕೆ. ಶಾಖೆಯ ಮೂಲಕ ಆ ಕೇಂದ್ರಕ್ಕೆ ಅರ್ಜಿ ಕೊಟ್ಟು, ದಿನಾಂಕ ಸಹಿತ ಸ್ವೀಕೃತಿ ಪಡೆಯಿರಿ. ಅರ್ಜಿಯಲ್ಲಿ 12 ಅಂಕಿಗಳ ಪಿಪಿಒ ಸಂಖ್ಯೆ, ಖಾತೆ ಸಂಖ್ಯೆ ಇರಲಿ. ಜೊತೆಗೆ ಪಿಪಿಒ ಪ್ರತಿ, ಜೂನ್‌ನಿಂದ ನವೆಂಬರ್‌ವರೆಗಿನ ಪಿಂಚಣಿ ಚೀಟಿಗಳು, ಮೇಲಿನ ಪಟ್ಟಿ. "ಪಿಂಚಣಿ ಕಡಿಮೆ ಬರುತ್ತಿದೆ, ಪರಿಶೀಲಿಸಿ" ಎಂದು ಬರೆದರೆ "ಪರಿಶೀಲಿಸಲಾಗಿದೆ, ಸರಿಯಿದೆ" ಎಂಬ ಉತ್ತರ ಬರುತ್ತದೆ. ಅದರ ಬದಲು ಹೀಗೆ ಬರೆಯಿರಿ:

"ನನ್ನ ಮೂಲ ಪಿಂಚಣಿ 32,050 ರೂಪಾಯಿ, ಕಮ್ಯೂಟ್ ಆದ ಭಾಗ 12,820 ರೂಪಾಯಿ. ಡಿಆರ್ ಅನ್ನು 32,050ರ ಮೇಲೆ ಕಟ್ಟಬೇಕಿದ್ದು, ಈಗ 19,230ರ ಮೇಲೆ ಕಟ್ಟಲಾಗಿದೆ. ನಿಮ್ಮ ದಾಖಲೆಯಲ್ಲಿ ನನ್ನ ಮೂಲ ಪಿಂಚಣಿ, ಕಮ್ಯೂಟ್ ಆದ ಭಾಗ ಮತ್ತು ಡಿಆರ್ ಲೆಕ್ಕಕ್ಕೆ ತೆಗೆದುಕೊಂಡ ಮೊತ್ತ ಎಷ್ಟೆಂದು ಲಿಖಿತವಾಗಿ ತಿಳಿಸಿ, ತಿದ್ದುಪಡಿ ಮಾಡಿ, 2025ರ ಜೂನ್‌ನಿಂದ ಬಾಕಿ 44,226 ರೂಪಾಯಿಯನ್ನು ಜಮೆ ಮಾಡಬೇಕು."

ಮೂರು ಅಂಕಿಗಳನ್ನು ಹೆಸರಿಟ್ಟು ಕೇಳಿದರೆ ಉತ್ತರಿಸುವವರು ಆ ಪರದೆಯನ್ನು ತೆರೆದು ನೋಡಲೇಬೇಕಾಗುತ್ತದೆ. ತೆರೆದರೆ ತಪ್ಪು ಕಣ್ಣಿಗೆ ಬೀಳುತ್ತದೆ. ಪಿಂಚಣಿ ಅಥವಾ ಅದರ ಬಾಕಿಯನ್ನು ತಡವಾಗಿ ಜಮೆ ಮಾಡಿದ ಬ್ಯಾಂಕು ತಡವಾದ ದಿನಗಳಿಗೆ ವರ್ಷಕ್ಕೆ ಶೇ. 8ರಂತೆ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ ಹೇಳಿದೆ. ಅದನ್ನೂ ಅರ್ಜಿಯ ಕೊನೆಯಲ್ಲಿ ಒಂದು ಸಾಲಿನಲ್ಲಿ ಕೇಳಿ.

19,850ಕ್ಕೆ ಬ್ಯಾಂಕು "ನಮಗೆ ಆದೇಶ ಬಂದಿಲ್ಲ" ಎಂದರೆ ಅದನ್ನು ತಳ್ಳಿಹಾಕುವಂತಿಲ್ಲ. ಪಿಪಿಒದಲ್ಲಿ ಜೂನ್ 1ರಿಂದಲೇ 19,230 ಎಂದಿದ್ದರೆ ಅವರು ಅದನ್ನೇ ಕೊಡಬೇಕು. ಅದಕ್ಕೆ ನೀವು ನಿವೃತ್ತರಾದ ಕಚೇರಿಯ ಮುಖ್ಯಸ್ಥರಿಗೆ ಬರೆಯಿರಿ. ಅವರ ಮೂಲಕ ವೇತನ ಮತ್ತು ಲೆಕ್ಕಪತ್ರ ಕಚೇರಿಗೆ, ಅಲ್ಲಿಂದ ದೆಹಲಿಯ ಕೇಂದ್ರ ಪಿಂಚಣಿ ಲೆಕ್ಕಪತ್ರ ಕಚೇರಿಗೆ, ಅಲ್ಲಿಂದ ಮತ್ತೆ ಬ್ಯಾಂಕಿಗೆ ಆದೇಶ ಇಳಿಯಬೇಕು. ಜುಲೈ 18ರ ಜಮೆ ಕಾಣುವ ಪಾಸ್‌ಬುಕ್ ಪುಟವೇ ಇದಕ್ಕೆ ಮುಖ್ಯ ಪುರಾವೆ, ಬೇರೇನೂ ಇಲ್ಲದಿದ್ದರೂ ಅದೊಂದನ್ನು ಲಗತ್ತಿಸಿ. ಎರಡು ಕಡೆಯಿಂದಲೂ ಉತ್ತರ ಬಾರದಿದ್ದರೆ ಸಿಪೆನ್‌ಗ್ರಾಮ್ಸ್ ಜಾಲತಾಣದಲ್ಲಿ (pgportal.gov.in/pension) ದೂರು ದಾಖಲಿಸಬಹುದು. ಅಲ್ಲಿಯೂ ಎರಡು ವಿಷಯಕ್ಕೆ ಎರಡು ದೂರು ಕೊಡಿ. ಒಂದರಲ್ಲೇ ಎರಡೂ ಬರೆದರೆ ಬ್ಯಾಂಕು ತನ್ನ ಪಾಲಿಗೆ ಉತ್ತರ ಕೊಟ್ಟ ಕೂಡಲೇ ದೂರು ಮುಕ್ತಾಯವಾಗಿ, ಇನ್ನೊಂದು ಹಾಗೇ ಉಳಿದುಬಿಡುತ್ತದೆ.

ಈ 19,850ನ್ನು ಪಡೆಯುವಾಗ ಇನ್ನೊಂದು ದಿನಾಂಕವನ್ನೂ ಸರಿಮಾಡಿಸಿಕೊಳ್ಳಿ. ಮಾರಿದ 12,820 ನಿಮ್ಮ ಪಿಂಚಣಿಗೆ ಮರಳುವುದು ಕಡಿತ ಜಾರಿಗೆ ಬಂದ ದಿನದಿಂದ 15 ವರ್ಷಕ್ಕೆ. ಕಡಿತ ಜುಲೈ 18ರಿಂದ ಎಂದಾದರೆ ಮರಳುವುದು 2040ರ ಜುಲೈ 18ಕ್ಕೆ. ವ್ಯತ್ಯಾಸದ ಹಣ ಕೊಡದೆ ಜೂನ್ 1ರಿಂದಲೇ ಕಡಿತ ಎಂದು ಉಳಿಸಿಕೊಂಡರೆ 15 ವರ್ಷವೂ ಜೂನ್ 1ರಿಂದಲೇ ಎಣಿಸಬೇಕು. ಕಡಿತ ಜೂನ್‌ನಿಂದ, ಮರಳಿಕೆ ಜುಲೈನಿಂದ ಎಂದು ಎರಡು ಲೆಕ್ಕ ಇರಕೂಡದು, ಇದ್ದರೆ ಒಂದೂವರೆ ತಿಂಗಳ ಕಂತು ನೀವು ಹೆಚ್ಚಿಗೆ ಕಟ್ಟಿದಂತೆ. ಕಮ್ಯುಟೇಷನ್ ಹಣ ಜಮೆಯಾದ ದಿನಾಂಕವನ್ನು ನಿಮ್ಮ ಪಿಪಿಒ ಪ್ರತಿಯಲ್ಲಿ ನಮೂದು ಮಾಡಿಸಿಕೊಂಡು ಇಟ್ಟುಕೊಳ್ಳಿ. 15 ವರ್ಷದ ಹೊತ್ತಿಗೆ ಬ್ಯಾಂಕು ಬದಲಾಗಿರಬಹುದು, ಆಗ ಈ ಒಂದು ದಿನಾಂಕವನ್ನು ಹುಡುಕುವುದೇ ದೊಡ್ಡ ಕೆಲಸವಾಗುತ್ತದೆ.

ಇದರ ತಿರುಗುಮುರುಗು ತಪ್ಪೂ ಆಗುತ್ತದೆ ಎಂದು ಜೊತೆಯವರಿಗೆ ಹೇಳಿ. ಇಡಿಗಂಟು ಕೊಟ್ಟ ಮೇಲೂ ಬ್ಯಾಂಕು ಕಡಿತವನ್ನು ಜಾರಿ ಮಾಡದೆ ಪೂರ್ತಿ ಪಿಂಚಣಿ ಕೊಡುತ್ತಾ ಹೋಗಿರುತ್ತದೆ. ನಿಮ್ಮ ಅಂಕಿಯಲ್ಲಿ ಹೇಳುವುದಾದರೆ ತಿಂಗಳಿಗೆ 37,819ರ ಬದಲು 50,639 ಬರುತ್ತಿರುತ್ತದೆ. ಮೂರು ನಾಲ್ಕು ವರ್ಷದ ಮೇಲೆ ಅದು ಪತ್ತೆಯಾದರೆ ಲಕ್ಷಗಟ್ಟಲೆ ವಸೂಲಿಯ ನೋಟಿಸು ಬರುತ್ತದೆ. ನಿಮಗಿಂತ ಹೆಚ್ಚು ಬರುತ್ತಿದೆ ಎಂದ ಜೊತೆಯವರು ತಮ್ಮದೂ ಒಮ್ಮೆ ಇದೇ ರೀತಿ ಲೆಕ್ಕ ಹಾಕಿ ನೋಡಲಿ.

ಮುಂದೆ ಪಿಂಚಣಿ ಪರಿಷ್ಕರಣೆಯಾದಾಗಲೂ ಇದೇ ಸೂತ್ರ. 7ನೇ ವೇತನ ಆಯೋಗದಂತೆ ಹಿಂದಿನ ನಿವೃತ್ತರ ಪಿಂಚಣಿ ಏರಿದಾಗ ಪೂರ್ತಿ ಪಿಂಚಣಿಯನ್ನು ಏರಿಸಿ, ಅದರಿಂದ ಹಿಂದೆ ಮಾರಿದ ಭಾಗವನ್ನು ಹಳೆಯ ರೂಪಾಯಿ ಲೆಕ್ಕದಲ್ಲೇ ಕಳೆಯಲಾಯಿತು. ಪರಿಷ್ಕೃತ ಪಿಂಚಣಿಯ ಶೇ. 40 ಎಂದು ಹೊಸದಾಗಿ ಕಳೆಯುವುದಿಲ್ಲ. ಅಂಥ ಸಂದರ್ಭದಲ್ಲಿ ನಿಮ್ಮ ಚೀಟಿಯಲ್ಲಿ ಕಡಿತದ ಸಾಲು 12,820 ಎಂದೇ ಉಳಿದಿದೆಯೇ ಎಂಬುದನ್ನು ಮೊದಲು ನೋಡಿ.

ರಾಜ್ಯ ಸರ್ಕಾರದಿಂದ ನಿವೃತ್ತರಾದವರು ಮೇಲಿನ ಅಂಕಿಗಳನ್ನು ನೇರವಾಗಿ ತಮಗೆ ಹಚ್ಚಿಕೊಳ್ಳಬಾರದು. ಕರ್ನಾಟಕದಲ್ಲಿ ಕಮ್ಯೂಟ್ ಮಾಡಬಹುದಾದದ್ದು ಮೂರನೇ ಒಂದು ಭಾಗ ಮಾತ್ರ, ತುಟ್ಟಿಭತ್ಯೆಯ ದರವನ್ನು ರಾಜ್ಯವೇ ಬೇರೆಯಾಗಿ ಆದೇಶಿಸುತ್ತದೆ, ಪಿಪಿಒ ಬರುವುದು ಬೆಂಗಳೂರಿನ ಮಹಾಲೇಖಪಾಲರ ಕಚೇರಿಯಿಂದ. ಅವರು ರಾಜ್ಯದ ಆದೇಶಗಳನ್ನೇ ಹಿಡಿದು ನೋಡಬೇಕು.

ನಿಮ್ಮ ಅರ್ಜಿ ಡಿಸೆಂಬರ್ ಪಿಂಚಣಿಯ ಪಟ್ಟಿ ತಯಾರಾಗುವ ಮುಂಚೆ ಬ್ಯಾಂಕಿಗೆ ಸೇರಿದರೆ ಒಳ್ಳೆಯದು. ತಡವಾದರೆ ಪಟ್ಟಿಗೆ ಇನ್ನೊಂದು ಸಾಲು ಸೇರಿಸಿ, ಬಾಕಿಗೆ 7,435 ಕೂಡಿಸಿಕೊಳ್ಳಿ.